ಓಝೋನ್ ತೂತು: ClO ಮತ್ತೆ Cl ಆಗುವುದು ಹೇಗೆ? ಆ O ಪರಮಾಣು ಎಲ್ಲಿಂದ ಬರುತ್ತದೆ?

ಟೀಚರಮ್ಮ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಗಳು ಬಿ.ಎಸ್ಸಿ ಎರಡನೇ ವರ್ಷ. ಸೋಮವಾರ ಅವಳ ಸೆಮಿನಾರ್ ಇದೆ, ವಿಷಯ ಕ್ಲೋರಿನ್ ಓಝೋನನ್ನು ಹೇಗೆ ನಾಶ ಮಾಡುತ್ತದೆ ಎಂಬುದು. ನಾನು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಬರೆಸುತ್ತಿರುವ ಎರಡು ಸಾಲನ್ನೇ ಅವಳಿಗೂ ಬರೆದುಕೊಟ್ಟೆ:

```
Cl + O3 → ClO + O2
ClO + O → Cl + O2
```

ಕ್ಲೋರಿನ್ ಹೋಗಿ ಮತ್ತೆ ಕ್ಲೋರಿನ್ ಆಗಿ ವಾಪಸ್ ಬರುತ್ತದೆ, ಹಾಗಾಗಿ ಒಂದೇ ಪರಮಾಣು ಸಾವಿರಾರು ಓಝೋನ್ ಅಣುಗಳನ್ನು ಮುಗಿಸುತ್ತದೆ ಎಂದು ವಿವರಿಸಿದೆ. ಅವಳು ಎರಡನೇ ಸಾಲಿನ ಮೇಲೆ ಬೆರಳಿಟ್ಟು, "ಅಮ್ಮಾ, ಈ ಒಂಟಿ O ಎಲ್ಲಿಂದ ಬಂತು? ಅಂಟಾರ್ಕ್ಟಿಕಾದಲ್ಲಿ ಆಗಸ್ಟ್‌ವರೆಗೂ ಕತ್ತಲೆ ಅಂತೀಯ, ಬಿಸಿಲೇ ಸರಿಯಾಗಿಲ್ಲದ ಕಡೆ O2 ಒಡೆಯುವವರು ಯಾರು?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರಾದರೂ ಬಿಡಿಸಿ ಹೇಳುತ್ತೀರಾ?

ಕೋಲಾರದ_ಹುಡುಗ

ಇದರಲ್ಲಿ ಕಷ್ಟ ಏನಿದೆ ಮೇಡಂ? ಓಝೋನೇ ನೇರಳಾತೀತ ಕಿರಣ ಹೀರಿಕೊಂಡು O2 ಮತ್ತು O ಆಗಿ ಒಡೆಯುತ್ತದೆ. O2 ಒಡೆಯಲೇಬೇಕು ಎಂದಿಲ್ಲ. ಓಝೋನ್ ಇರುವ ಕಡೆಯೆಲ್ಲ ಹಗಲಲ್ಲಿ O ಇದ್ದೇ ಇರುತ್ತದೆ. ಎರಡನೇ ಸಾಲು ಸರಿಯಾಗಿಯೇ ಇದೆ.

ಮೋಡ_ನೋಡುವವ

ಅರ್ಧ ಸರಿ. O ಹುಟ್ಟುತ್ತದೆ, ನಿಜ. ಆದರೆ ಎಷ್ಟು ಹೊತ್ತು ಬದುಕಿರುತ್ತದೆ ಎಂಬುದು ಮುಖ್ಯ. 40 ಕಿ.ಮೀ. ಎತ್ತರದಲ್ಲಿ ಗಾಳಿ ತೀರಾ ತೆಳು, ಬಿಸಿಲು ಖಾರ. ಅಲ್ಲಿ O ಒಂದಷ್ಟು ಹೊತ್ತು ಒಂಟಿಯಾಗಿ ಉಳಿಯುತ್ತದೆ, ClO ಕೈಗೆ ಸಿಗುತ್ತದೆ. ಟೀಚರ್ ಬರೆಸಿದ ಎರಡು ಸಾಲು ಅಲ್ಲಿಗೆ ಸರಿಯಾಗಿ ಒಪ್ಪುತ್ತದೆ. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಫ್ರಿಜ್ ಗ್ಯಾಸಿನ ಬಗ್ಗೆ ಎಚ್ಚರಿಸಿದಾಗ ಅವರ ಲೆಕ್ಕದಲ್ಲಿದ್ದದ್ದೂ ಇದೇ ಚಕ್ರ. ಆ ಎತ್ತರದಲ್ಲಿ ಓಝೋನ್ ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತದೆ ಎಂದು ಅವರು ಅಂದುಕೊಂಡಿದ್ದರು.

ಅಂಟಾರ್ಕ್ಟಿಕಾದ ತೂತು ಇರುವುದು 14ರಿಂದ 20 ಕಿ.ಮೀ. ನಡುವೆ. ಅಲ್ಲಿ ಗಾಳಿ ದಪ್ಪ. ಹುಟ್ಟಿದ O ಒಂದು ಮಿಲಿಸೆಕೆಂಡಿಗೂ ಮುಂಚೆ ಪಕ್ಕದ O2ಗೆ ಅಂಟಿಕೊಂಡು ಮತ್ತೆ ಓಝೋನ್ ಆಗಿಬಿಡುತ್ತದೆ. ಅದರ ಮೇಲೆ ವಸಂತದ ಸೂರ್ಯ ದಿಗಂತಕ್ಕೆ ಅಂಟಿಕೊಂಡೇ ಇರುತ್ತಾನೆ, O ಹುಟ್ಟುವುದೇ ಕಡಿಮೆ. ಹಾಗಾಗಿ ಟೀಚರ್ ಮಗಳು ಕೇಳಿದ್ದು ಸರಿಯಾದ ಪ್ರಶ್ನೆ. ಆ ಎರಡನೇ ಸಾಲು ಅಲ್ಲಿ ಬಹುತೇಕ ನಡೆಯುವುದಿಲ್ಲ.

ಕೋಲಾರದ_ಹುಡುಗ

ಮತ್ತೆ ಎಲ್ಲ ಪುಸ್ತಕದಲ್ಲೂ ಅದೇ ಇದೆಯಲ್ಲ!

ತುಮಕೂರು_ತೆಂಗು

ನಾನು ಬೇರೆ ಒಂದು ವಿಷಯ ಹೇಳುತ್ತೇನೆ. ಜ್ವಾಲಾಮುಖಿ, ಸಮುದ್ರದ ಉಪ್ಪು, ಇವುಗಳಿಂದ ಬರುವ ಕ್ಲೋರಿನ್ ಫ್ರಿಜ್ ಗ್ಯಾಸಿಗಿಂತ ಎಷ್ಟೋ ಪಟ್ಟು ಜಾಸ್ತಿ. ಅದನ್ನೆಲ್ಲ ಬಿಟ್ಟು ಫ್ರಿಜ್ ಮೇಲೆ ಗೂಬೆ ಕೂರಿಸುವುದು ಸರಿಯಾ?

ರಸಾಯನ_ಮೇಷ್ಟ್ರು

ತೆಂಗು ಅವರೇ, ಉಪ್ಪು ಮತ್ತು HCl ನೀರಲ್ಲಿ ಕರಗುತ್ತವೆ. ಮಳೆ ಅವನ್ನು ಕೆಳಗೇ ತೊಳೆದು ಹಾಕುತ್ತದೆ. ಸಿಎಫ್‌ಸಿ ಕರಗುವುದಿಲ್ಲ, ಕೆಳಗಿನ ಗಾಳಿಯಲ್ಲಿ ಯಾವುದರ ಜೊತೆಗೂ ಸೇರುವುದಿಲ್ಲ. ವರ್ಷಗಟ್ಟಲೆ ಅಲೆದಾಡಿ ಮೇಲೇರುತ್ತದೆ. ಅಲ್ಲಿ ಖಾರವಾದ ನೇರಳಾತೀತ ಬೆಳಕು ತಗುಲಿದ ಮೇಲೇ ಕಾರ್ಬನ್‌ಗೂ ಕ್ಲೋರಿನ್‌ಗೂ ನಡುವಿನ ಬಂಧ ಮುರಿಯುವುದು. ಸರಪಳಿ ಶುರುವಾಗುವುದು ಅಲ್ಲಿಂದ.

ಇನ್ನೊಂದು ಸಾಕ್ಷಿಯೂ ಇದೆ. ಸಿಎಫ್‌ಸಿ ಒಡೆದರೆ ಕ್ಲೋರಿನ್ ಜೊತೆ ಫ್ಲೋರಿನ್ ಕೂಡ ಹೊರಬರಬೇಕು. ಉಪಗ್ರಹಗಳು ಸ್ಟ್ರಾಟೋಸ್ಫಿಯರ್‌ನಲ್ಲಿ HF ಅಳೆದಿವೆ, ಅದು ಕ್ಲೋರಿನ್‌ನ ಲೆಕ್ಕಕ್ಕೆ ತಾಳೆಯಾಗುತ್ತದೆ. ಸಮುದ್ರದ ಉಪ್ಪಿನಿಂದ ಅಷ್ಟು HF ಬರಲು ಸಾಧ್ಯವೇ ಇಲ್ಲ.

ತುಮಕೂರು_ತೆಂಗು

HF ವಿಷಯ ಗೊತ್ತಿರಲಿಲ್ಲ. ಆದರೆ ದೊಡ್ಡ ಜ್ವಾಲಾಮುಖಿ ಸಿಡಿದರೆ ನೇರ ಸ್ಟ್ರಾಟೋಸ್ಫಿಯರ್‌ಗೇ ಹೋಗುತ್ತದಲ್ಲ? ಪಿನಾಟುಬೊ 1991ರಲ್ಲಿ ಸಿಡಿದ ಮೇಲೆ ಓಝೋನ್ ಕಡಿಮೆಯಾಗಿದ್ದು ನಿಜ ತಾನೇ?

ರಸಾಯನ_ಮೇಷ್ಟ್ರು

ಕಡಿಮೆಯಾಗಿದ್ದು ನಿಜ. ಆದರೆ ಅದು ತಂದು ಸುರಿದದ್ದು ಮುಖ್ಯವಾಗಿ ಗಂಧಕ. ಗಂಧಕಾಮ್ಲದ ಸಣ್ಣ ಹನಿಗಳ ಮೇಲೆ ನಡೆದ ಕ್ರಿಯೆಗಳಿಂದಾಗಿ ಮೊದಲೇ ಅಲ್ಲಿದ್ದ ಸಿಎಫ್‌ಸಿ ಕ್ಲೋರಿನ್‌ಗೆ ಕೈಕಾಲು ಬಂದಂತಾಯಿತು. ಹನಿಯ ಮೇಲ್ಮೈ ಏಕೆ ಮುಖ್ಯ ಎಂಬುದನ್ನು ಮೋಡ ನೋಡುವವರು ಹೇಳಲಿ, ಅವರು ಹೇಳುವ ದಾರಿಯಲ್ಲಿದ್ದಾರೆ.

ಮೋಡ_ನೋಡುವವ

ಹೇಳುತ್ತೇನೆ. ಮೊದಲು ಕ್ಲೋರಿನ್ ಎಲ್ಲಿ ಬಚ್ಚಿಟ್ಟುಕೊಂಡಿರುತ್ತದೆ ಎಂದು ನೋಡೋಣ. ಯಾವ ಸರಪಳಿಯೂ ಶಾಶ್ವತ ಅಲ್ಲ. ಓಡಾಡುವ Cl ಮೀಥೇನ್ ಸಿಕ್ಕರೆ ಅದರ ಹೈಡ್ರೋಜನ್ ಕಿತ್ತುಕೊಂಡು HCl ಆಗುತ್ತದೆ. ClOಗೆ NO2 ಸಿಕ್ಕರೆ ClONO2 ಆಗುತ್ತದೆ. ಈ ಎರಡೂ ಓಝೋನಿನ ತಂಟೆಗೆ ಹೋಗುವುದಿಲ್ಲ. ಸಾಮಾನ್ಯ ದಿನಗಳಲ್ಲಿ ಕೆಳ ಸ್ಟ್ರಾಟೋಸ್ಫಿಯರ್‌ನ ಕ್ಲೋರಿನ್ ಬಹುಪಾಲು ಈ ಎರಡು ಪೆಟ್ಟಿಗೆಯಲ್ಲೇ ಬೀಗ ಹಾಕಿಕೊಂಡು ಕೂತಿರುತ್ತದೆ.

ಅಂಟಾರ್ಕ್ಟಿಕಾದ ಚಳಿಗಾಲದಲ್ಲಿ ಗಾಳಿ ದೊಡ್ಡ ಸುಳಿಯಾಗಿ ಖಂಡದ ಸುತ್ತ ತಿರುಗುತ್ತದೆ. ಹೊರಗಿನ ಗಾಳಿ ಒಳಗೆ ಬರುವುದು ಕಷ್ಟ, ಒಳಗಿನದು ತಣ್ಣಗಾಗುತ್ತಲೇ ಹೋಗುತ್ತದೆ. ಸುಮಾರು −78 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅಷ್ಟು ಒಣ ಗಾಳಿಯಲ್ಲೂ ನೈಟ್ರಿಕ್ ಆಮ್ಲ ಮತ್ತು ನೀರು ಸೇರಿ ಮೋಡದ ಕಣಗಳಾಗುತ್ತವೆ. ಆ ಕಣದ ಮೇಲೆ ಎರಡು ಪೆಟ್ಟಿಗೆಯೂ ಒಟ್ಟಿಗೆ ತೆರೆದುಕೊಳ್ಳುತ್ತವೆ:

```
HCl + ClONO2 → Cl2 + HNO3
```

ಬರೀ ಗಾಳಿಯಲ್ಲಿ ಈ ಕ್ರಿಯೆ ನಡೆಯುವುದೇ ಇಲ್ಲ ಎನ್ನುವಷ್ಟು ನಿಧಾನ. ಕಣದ ಮೇಲೆ ಬೇಗ ಆಗುತ್ತದೆ. ಸೂಸನ್ ಸಾಲೊಮನ್ ಮತ್ತು ಜೊತೆಗಾರರು 1986ರಲ್ಲಿ ಇದನ್ನು ಮುಂದಿಟ್ಟರು. Cl2 ಗಾಳಿಗೆ ಬಿಡುಗಡೆಯಾಗುತ್ತದೆ, HNO3 ಕಣದಲ್ಲೇ ಉಳಿಯುತ್ತದೆ. ಕಣ ದಪ್ಪವಾದರೆ ಅದನ್ನು ಹೊತ್ತುಕೊಂಡೇ ಕೆಳಗಿಳಿಯುತ್ತದೆ. ಅಂದರೆ ಬೀಗ ಒಡೆದದ್ದಷ್ಟೇ ಅಲ್ಲ, ಮತ್ತೆ ಬೀಗ ಹಾಕಲು ಬೇಕಾದ NO2 ಕೂಡ ಇಲ್ಲದಂತಾಯಿತು. ಚಳಿಗಾಲದ ಕತ್ತಲಲ್ಲಿ ಇದೆಲ್ಲ ಸಿದ್ಧವಾಗಿರುತ್ತದೆ. ಮೊದಲ ಬಿಸಿಲು ಬಂದಾಗ Cl2 ಸುಲಭವಾಗಿ ಎರಡು Cl ಆಗಿ ಒಡೆಯುತ್ತದೆ.

ಫ್ರಿಜ್_ರಿಪೇರಿ_ಹುಬ್ಬಳ್ಳಿ

ನಾನು ಓದಿದವನಲ್ಲ, 1989ರಿಂದ ಫ್ರಿಜ್ ಏಸಿ ಕೆಲಸ. ಕಾರ್ಬನ್‌ನಿಂದ ಕ್ಲೋರಿನ್ ಬೇರೆಯಾಗುತ್ತದೆ ಎಂದು ಮೇಷ್ಟ್ರು ಬರೆದರಲ್ಲ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆಗ ಲೀಕ್ ಹುಡುಕಲು ನಮ್ಮ ಹತ್ತಿರ ಒಂದು ಟಾರ್ಚ್ ಇರುತ್ತಿತ್ತು. ಸಣ್ಣ ಗ್ಯಾಸ್ ಉರಿ, ಉರಿಯ ಮೇಲೆ ತಾಮ್ರದ ತುಂಡು, ಪಕ್ಕಕ್ಕೆ ಒಂದು ರಬ್ಬರ್ ಪೈಪು. ಪೈಪಿನ ತುದಿಯನ್ನು ಜಾಯಿಂಟ್ ಹತ್ತಿರ ನಿಧಾನವಾಗಿ ಓಡಿಸಬೇಕು. R-12 ಗ್ಯಾಸ್ ಎಲ್ಲಾದರೂ ಸೋರುತ್ತಿದ್ದರೆ ನೀಲಿ ಉರಿ ಹಸಿರಾಗುತ್ತಿತ್ತು. ಜೋರಾಗಿ ಸೋರುತ್ತಿದ್ದರೆ ಗಾಢ ನೇರಳೆ ಕಡೆಗೆ ತಿರುಗುತ್ತಿತ್ತು. ಆಮೇಲೆ R-134a ಬಂತು. ಅದೇ ಟಾರ್ಚ್ ಹಿಡಿದೆ, ಗ್ಯಾಸ್ ಬುಸ್ ಎಂದು ಹೋಗುತ್ತಿದ್ದರೂ ಉರಿ ನೀಲಿಯೇ. ಟಾರ್ಚ್ ಕೆಟ್ಟಿದೆ ಎಂದು ಎರಡು ದಿನ ಬಿಚ್ಚಿ ಬಿಚ್ಚಿ ನೋಡಿದೆ. ಆಮೇಲೆ ಗೊತ್ತಾಯಿತು, ಹೊಸ ಗ್ಯಾಸಿನಲ್ಲಿ ಕ್ಲೋರಿನ್ನೇ ಇಲ್ಲ.

ಟೀಚರಮ್ಮ_ದಾವಣಗೆರೆ

ಅಣ್ಣಾ, ಎಂಥ ಉದಾಹರಣೆ ಕೊಟ್ಟಿರಿ! ಉರಿಯ ಬಿಸಿ ಕ್ಲೋರಿನ್ ಬಿಡಿಸಿತು, ಅದು ತಾಮ್ರದ ಜೊತೆ ಸೇರಿ ಹಸಿರು ಬಣ್ಣ ಕೊಟ್ಟಿತು. ಅಲ್ವಾ ಮೇಷ್ಟ್ರೇ?

ರಸಾಯನ_ಮೇಷ್ಟ್ರು

ಹೌದು. ಇಲ್ಲಿ ಬಂಧ ಬಿಡಿಸುವುದು ಬಿಸಿ, ಮೇಲೆ ಬಿಡಿಸುವುದು ಬೆಳಕು. R-134a ಅಣುವಿನಲ್ಲಿ ಕಾರ್ಬನ್, ಹೈಡ್ರೋಜನ್, ಫ್ಲೋರಿನ್ ಅಷ್ಟೇ.

ಮೈಸೂರು_ಮಲ್ಲಿಗೆ_22

ಹಾಗಾದರೆ ಫ್ಲೋರಿನ್ ಯಾಕೆ ಓಝೋನ್ ತಿನ್ನುವುದಿಲ್ಲ? ಅದು ಕ್ಲೋರಿನ್‌ಗಿಂತಲೂ ಚುರುಕು ತಾನೇ?

ಮೋಡ_ನೋಡುವವ

ಚುರುಕಾದ್ದರಿಂದಲೇ. ಫ್ಲೋರಿನ್ ಸಿಕ್ಕ ಮೀಥೇನ್‌ನಿಂದಲೋ ನೀರಿನಿಂದಲೋ ತಕ್ಷಣ ಹೈಡ್ರೋಜನ್ ಕಿತ್ತುಕೊಂಡು HF ಆಗುತ್ತದೆ. ಆ ಬಂಧ ಎಷ್ಟು ಗಟ್ಟಿ ಎಂದರೆ ಅಲ್ಲಿಂದ ಮತ್ತೆ ಹೊರಗೆ ಬರುವ ದಾರಿ ಇಲ್ಲ. HCl ಹಾಗಲ್ಲ, OH ರ್‍ಯಾಡಿಕಲ್ ಅದನ್ನು ಒಡೆಯುತ್ತದೆ, ಮೋಡದ ಕಣವೂ ಒಡೆಯುತ್ತದೆ. ಬ್ರೋಮಿನ್ ಇನ್ನೂ ಕೆಟ್ಟದ್ದು, ಅದಕ್ಕೆ ಬೀಗವೇ ಸರಿಯಾಗಿ ಕೂರುವುದಿಲ್ಲ.

ಕೋಲಾರದ_ಹುಡುಗ

ಎಲ್ಲ ಸರಿ, ಆದರೆ ಮೊದಲಿನ ಪ್ರಶ್ನೆ ಹಾಗೇ ಉಳಿಯಿತು. O ಇಲ್ಲ ಎಂದಿರಿ. Cl ಹೋಗಿ ಓಝೋನ್ ಹೊಡೆಯಿತು, ClO ಆಯಿತು. ಅಲ್ಲಿಗೆ ನಿಲ್ಲಬೇಕಲ್ಲ? ಒಂದು ಕ್ಲೋರಿನ್‌ಗೆ ಒಂದೇ ಓಝೋನ್. ಸರಪಳಿ ಎಲ್ಲಿದೆ?

ಮೋಡ_ನೋಡುವವ

ವಿಷಯ ಇರುವುದು ಅಲ್ಲೇ. ಮೊದಲ ಹೆಜ್ಜೆ ಎಷ್ಟು ವೇಗ ಎಂದರೆ, 18 ಕಿ.ಮೀ. ಎತ್ತರದಲ್ಲಿ ಒಂಟಿ Cl ಒಂದು ಸೆಕೆಂಡಿನ ನೂರನೇ ಒಂದೆರಡು ಭಾಗದೊಳಗೆ ಓಝೋನ್ ಹಿಡಿಯುತ್ತದೆ. ಉಳಿದ ಹೊತ್ತೆಲ್ಲ ಅದು ClO ಆಗಿ ಕಾಯುತ್ತಿರುತ್ತದೆ. ಹಾಗಾಗಿ ಓಝೋನ್ ಎಷ್ಟು ಬೇಗ ಹೋಗುತ್ತದೆ ಎಂಬುದು ClO ಎಷ್ಟು ಬೇಗ ವಾಪಸ್ Cl ಆಗುತ್ತದೆ ಎಂಬುದರ ಮೇಲೇ ನಿಂತಿದೆ.

ಕ್ಲೋರಿನ್ ಎಲ್ಲ ಬೀಗ ಕಳಚಿ ಹೊರಗೆ ಬಂದಾಗ ClO ಎಷ್ಟು ಜಾಸ್ತಿ ಆಗುತ್ತದೆ ಎಂದರೆ, ಒಂದು ClOಗೆ ಇನ್ನೊಂದು ClO ಎದುರಾಗುತ್ತದೆ. ಎರಡೂ ಜೋಡಿಯಾಗುತ್ತವೆ:

```
ClO + ClO → Cl-O-O-Cl
Cl-O-O-Cl + ಬೆಳಕು → Cl + ClOO
ClOO → Cl + O2
```

ಎರಡು Cl ವಾಪಸ್ ಬಂದವು, O ಪರಮಾಣು ಎಲ್ಲೂ ಬೇಕಾಗಲಿಲ್ಲ. ಆ ಎರಡೂ ಹೋಗಿ ಎರಡು ಓಝೋನ್ ಹೊಡೆಯುತ್ತವೆ. ಒಟ್ಟು ಲೆಕ್ಕ ಎರಡು O3 ಹೋಗಿ ಮೂರು O2. ಇದನ್ನು 1987ರಲ್ಲಿ ಲೂಯಿಸಾ ಮೊಲಿನಾ ಮತ್ತು ಮಾರಿಯೊ ಮೊಲಿನಾ ಪ್ರಯೋಗಾಲಯದಲ್ಲಿ ತೋರಿಸಿದರು.

ಈಗ ಆ ಜೋಡಿಯನ್ನು ಒಂದು ಕಾಗದದ ಮೇಲೆ ಬರೆದು ನೋಡಿ. ತುದಿಯಲ್ಲಿ ಕತ್ತರಿಸಿದರೆ Cl ಸಿಗುತ್ತದೆ, ಓಝೋನ್ ನಷ್ಟ. ನಡುವಿನ O-O ಹತ್ತಿರ ಕತ್ತರಿಸಿದರೆ ಮತ್ತೆ ಎರಡು ClO, ಏನೂ ನಷ್ಟ ಇಲ್ಲ. ಬೆಳಕು ಹೆಚ್ಚಾಗಿ ತುದಿಯಲ್ಲಿ ಕತ್ತರಿಸುತ್ತದೆ. ಬಿಸಿ ನಡುವೆ ಕತ್ತರಿಸುತ್ತದೆ. ಹಾಗಾಗಿ ಈ ಚಕ್ರಕ್ಕೆ ಬೆಳಕೂ ಬೇಕು, ಚಳಿಯೂ ಬೇಕು. ಎರಡೂ ಒಟ್ಟಿಗೆ ಸಿಗುವುದು ಅಲ್ಲಿ ಸೆಪ್ಟೆಂಬರ್‌ನಲ್ಲಿ. ಈ ಜೋಡಿ ಒಡೆಯಲು ಅಷ್ಟೇನೂ ಖಾರದ ಬೆಳಕು ಬೇಡ, ದಿಗಂತದ ಸೂರ್ಯನೂ ಸಾಕು.

ಟೀಚರಮ್ಮ_ದಾವಣಗೆರೆ

ಇದನ್ನು ಓದಿದಾಗ ಮಗಳು ನನ್ನ ಪಕ್ಕದಲ್ಲೇ ಇದ್ದಳು. ಎದ್ದು ಹೋಗಿ ನೋಟ್‌ಬುಕ್ಕಿನ ಹಾಳೆಯಲ್ಲಿ Cl-O-O-Cl ಬರೆದು ಎರಡು ಕಡೆ ಕತ್ತರಿ ಗುರುತು ಹಾಕಿದಳು. ಇಷ್ಟು ವರ್ಷ ನಾನು ಬರೀ ಆ ಎರಡು ಸಾಲು ಹೇಳಿ ಅಂಟಾರ್ಕ್ಟಿಕಾದ ಚಿತ್ರ ತೋರಿಸುತ್ತಿದ್ದೆನಲ್ಲ ಎಂದು ಬೇಜಾರಾಯಿತು.

ರಸಾಯನ_ಮೇಷ್ಟ್ರು

ಬೇಜಾರು ಬೇಡ ಟೀಚರ್. ಹೈಸ್ಕೂಲಿನಲ್ಲಿ ಕ್ಯಾಟಲಿಸ್ಟ್ ಎಂದರೇನು ಎಂದು ತಿಳಿಸಲು ಆ ಎರಡು ಸಾಲೇ ಸಾಕು. ಅದು ಎಲ್ಲಿಯ ಮಾತು ಎಂದು ಪಕ್ಕದಲ್ಲಿ ಎತ್ತರ ಬರೆಸಿ. ಅಷ್ಟು ಮಾಡಿದರೆ ತಪ್ಪೇನಿಲ್ಲ.

ಧಾರವಾಡ_ಪೇಡೆ

ಒಂದು ಕ್ಲೋರಿನ್ 1 ಲಕ್ಷ ಓಝೋನ್ ನಾಶ ಮಾಡುತ್ತದೆ ಎಂದು ಎಲ್ಲ ಕಡೆ ಓದುತ್ತೇವೆ. ಅಷ್ಟು ಹೊಡೆದರೆ ಒಂದೇ ವಾರದಲ್ಲಿ ಇಡೀ ಜಗತ್ತಿನ ಓಝೋನ್ ಖಾಲಿ ಆಗಬೇಕಿತ್ತು. ನನಗೆ ಆ ಸಂಖ್ಯೆ ಮೇಲೆ ನಂಬಿಕೆ ಇಲ್ಲ.

ಮೋಡ_ನೋಡುವವ

ಆ ಸಂಖ್ಯೆ ಒಂದು ಕ್ಲೋರಿನ್ ಸ್ಟ್ರಾಟೋಸ್ಫಿಯರ್‌ನಲ್ಲಿ ಇರುವ ಇಡೀ ಆಯುಸ್ಸಿನದು. ಬೀಗದೊಳಗೆ ಹೋಗುವುದು, ಹೊರಗೆ ಬರುವುದು, ಹೀಗೆ ವರ್ಷಗಟ್ಟಲೆ. ಒಂದು ವಸಂತದ ಲೆಕ್ಕ ನಾವೇ ಹಾಕೋಣ.

18 ಕಿ.ಮೀ. ಎತ್ತರದಲ್ಲಿ ಚಳಿಗಾಲದ ಕೊನೆಗೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಹೆಚ್ಚುಕಮ್ಮಿ 3 ಓಝೋನ್. ಬೀಗ ಕಳಚಿಕೊಂಡ ಕ್ಲೋರಿನ್ ನೂರು ಕೋಟಿಯಲ್ಲಿ ಸುಮಾರು 2. ಅಂದರೆ ನೂರು ಕೋಟಿಯಲ್ಲಿ 3000 ಓಝೋನ್, 2 ಕ್ಲೋರಿನ್. ಒಂದು ಕ್ಲೋರಿನ್ ಪಾಲಿಗೆ 1500 ಓಝೋನ್. ಆ ಪದರ ಸುಮಾರು ಆರು ವಾರದಲ್ಲಿ ಬಹುತೇಕ ಖಾಲಿಯಾಗುತ್ತದೆ. 1500ನ್ನು 42 ದಿನಕ್ಕೆ ಹಂಚಿದರೆ ದಿನಕ್ಕೆ 36 ಸುತ್ತು. ಹನ್ನೆರಡು ಗಂಟೆ ಬೆಳಕಿದ್ದರೆ ಗಂಟೆಗೆ ಮೂರು ಸುತ್ತು. ಎರಡು ClO ಸೇರುವ ವೇಗವನ್ನು ಪ್ರಯೋಗಾಲಯದಲ್ಲಿ ಅಳೆದು ಇದೇ ಚಳಿ, ಇದೇ ಒತ್ತಡಕ್ಕೆ ಲೆಕ್ಕ ಹಾಕಿದರೂ ಸುಮಾರು ಇಷ್ಟೇ ಬರುತ್ತದೆ.

ಧಾರವಾಡ_ಪೇಡೆ

ಗಂಟೆಗೆ ಮೂರೇ? ಮಿಂಚಿನ ವೇಗದಲ್ಲಿ ನಡೆಯುತ್ತದೆ ಎಂದುಕೊಂಡಿದ್ದೆ. 1500 ಎಂದರೆ ಒಪ್ಪುತ್ತೇನೆ. 1 ಲಕ್ಷದ ಬಗ್ಗೆ ಇನ್ನೂ ಅನುಮಾನ ಇದೆ. ಮೇಲೆ 40 ಕಿ.ಮೀ. ಎತ್ತರದಲ್ಲಿದ್ದ ಕ್ಲೋರಿನ್‌ಗೂ ಕೆಳಗಿದ್ದದ್ದಕ್ಕೂ ಒಂದೇ ಸಂಖ್ಯೆ ಹೇಗೆ ಕೊಡುತ್ತಾರೆ?

ಮೋಡ_ನೋಡುವವ

ಅದನ್ನು ಒಪ್ಪುತ್ತೇನೆ. ಅದು ಸರಾಸರಿ ಅಂದಾಜು, ಎತ್ತರ ನೋಡಿಕೊಂಡು ತುಂಬಾ ಬದಲಾಗುತ್ತದೆ. ಸೆಮಿನಾರಿನಲ್ಲಿ 1500ರ ಲೆಕ್ಕವೇ ಒಳ್ಳೆಯದು, ಕೇಳಿದವರಿಗೆ ಬೋರ್ಡ್ ಮೇಲೆ ಹಾಕಿ ತೋರಿಸಬಹುದು.

ಕೋಲಾರದ_ಹುಡುಗ

ನಾನು ಮೊದಲು ಬರೆದದ್ದು ಎತ್ತರ ನೋಡದೆ ಬರೆದದ್ದು, ಒಪ್ಪಿದೆ. ಆದರೆ ಇದೆಲ್ಲ ಕಾಗದದ ಲೆಕ್ಕ ಅಲ್ವಾ? ಮೇಲೆ ಹೋಗಿ ClO ಯಾರಾದರೂ ಅಳೆದಿದ್ದಾರಾ?

ಮೋಡ_ನೋಡುವವ

ಅಳೆದಿದ್ದಾರೆ. 1985ರಲ್ಲಿ ಜೋ ಫಾರ್ಮನ್ ಮತ್ತು ಜೊತೆಗಾರರು ಹ್ಯಾಲಿ ಬೇ ನೆಲೆಯ ಅಳತೆ ಪ್ರಕಟಿಸಿದ ಮೇಲೆ ಕಾರಣದ ಬಗ್ಗೆ ದೊಡ್ಡ ವಾದ ನಡೆಯಿತು. ಬರೀ ಗಾಳಿಯ ಚಲನೆ ಬದಲಾಗಿದೆ, ಕೆಳಗಿನಿಂದ ಓಝೋನ್ ಕಡಿಮೆ ಇರುವ ಗಾಳಿ ಮೇಲೇರುತ್ತಿದೆ ಎಂದವರೂ ಇದ್ದರು. 1987ರಲ್ಲಿ ಚಿಲಿಯ ಪುಂಟಾ ಅರೆನಾಸ್‌ನಿಂದ ನಾಸಾದ ER-2 ವಿಮಾನ ಸುಳಿಯೊಳಗೆ ಹಾರಿತು. ಒಬ್ಬನೇ ಪೈಲಟ್, ಎತ್ತರ ಸುಮಾರು 18 ಕಿ.ಮೀ. ರೆಕ್ಕೆಯ ಕೆಳಗೆ ಜೇಮ್ಸ್ ಆ್ಯಂಡರ್ಸನ್ ತಂಡದ ಉಪಕರಣ. ಒಳಗೆ ಬಂದ ಗಾಳಿಗೆ NO ಬಿಟ್ಟು ClO ಅನ್ನು Cl ಮಾಡುವುದು, ಆ Cl ಮೇಲೆ ಅದರದ್ದೇ ಬೆಳಕು ಚೆಲ್ಲಿ ಎಷ್ಟು ಮಿನುಗುತ್ತದೆ ಎಂದು ಎಣಿಸುವುದು.

ಆಗಸ್ಟ್ 23ರ ಹಾರಾಟದಲ್ಲಿ ಸುಳಿಯ ಅಂಚು ದಾಟುತ್ತಲೇ ClO ಜಿಗಿಯಿತು, ಆದರೆ ಓಝೋನ್ ಇನ್ನೂ ಹಾಗೇ ಇತ್ತು. ಸೆಪ್ಟೆಂಬರ್ 16ರ ಹೊತ್ತಿಗೆ ಅದೇ ಅಂಚಿನಲ್ಲಿ ClO ಏರಿದ ಕಡೆಯೆಲ್ಲ ಓಝೋನ್ ಇಳಿದಿತ್ತು. ಸಣ್ಣ ಸಣ್ಣ ಏರಿಳಿತ ಕೂಡ ಒಂದಕ್ಕೊಂದು ಕನ್ನಡಿಯ ಹಾಗೆ ತಿರುಗುಮುರುಗು. ಕೆಳಗಿನ ಗಾಳಿ ಮೇಲೇರಿದ್ದರೆ ಆಗಸ್ಟ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕ್ರಮ ಕಾಣುತ್ತಿರಲಿಲ್ಲ. ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಅದೇ ಸೆಪ್ಟೆಂಬರ್ 16ರಂದು. ಸಹಿ ಹಾಕಿದವರ ಕೈಯಲ್ಲಿ ಆ ಗ್ರಾಫ್ ಇನ್ನೂ ಇರಲಿಲ್ಲ.

ಮೈಸೂರು_ಮಲ್ಲಿಗೆ_22

ಕೊನೆಯ ಸಾಲು ಓದಿ ಮೈ ಜುಮ್ಮೆಂದಿತು.

ರಸಾಯನ_ಮೇಷ್ಟ್ರು

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಆ ಜೋಡಿ ಅಣು ಎಷ್ಟು ಬೆಳಕು ಹೀರುತ್ತದೆ ಎಂಬ ಬಗ್ಗೆ 2007ರಲ್ಲಿ ದೊಡ್ಡ ಗೊಂದಲ ಎದ್ದಿತ್ತು. ಒಂದು ಪ್ರಯೋಗಾಲಯದ ಹೊಸ ಅಳತೆ ಹಿಂದಿನದಕ್ಕಿಂತ ತುಂಬಾ ಕಡಿಮೆ ಬಂತು. ಅದೇ ನಿಜವಾಗಿದ್ದರೆ ಈ ಚಕ್ರದಿಂದ ಅಷ್ಟು ಓಝೋನ್ ನಷ್ಟ ಸಾಧ್ಯವಿಲ್ಲ ಎಂದಾಗುತ್ತಿತ್ತು. ಸಮಸ್ಯೆ ಇದ್ದದ್ದು ಬೆರಕೆಯಲ್ಲಿ. ಈ ಅಣು ತಯಾರಿಸುವಾಗ Cl2 ಜೊತೆಗೇ ಇರುತ್ತದೆ, ಅದೂ ಹತ್ತಿರದ ಬಣ್ಣದ ಬೆಳಕನ್ನೇ ಹೀರುತ್ತದೆ. ಅದರ ಪಾಲು ಎಷ್ಟು ಕಳೆಯಬೇಕು ಎಂಬಲ್ಲಿ ಎಡವಟ್ಟು. 2009ರಲ್ಲಿ ತೈವಾನಿನ ಒಂದು ತಂಡ ಬೆಳಕು ಎಷ್ಟು ಕಡಿಮೆಯಾಯಿತು ಎಂದು ನೋಡುವ ಬದಲು, ಲೇಸರ್ ಬಿದ್ದಾಗ ಎಷ್ಟು ಅಣು ಮಾಯವಾದವು ಎಂದು ನೇರವಾಗಿ ಎಣಿಸಿತು. ಹಳೆಯ ಲೆಕ್ಕವೇ ಉಳಿಯಿತು.

ತುಮಕೂರು_ತೆಂಗು

ಚಳಿ ಬೇಕು, ಬೆಳಕು ಬೇಕು ಎಂದರೆ ಉತ್ತರ ಧ್ರುವದಲ್ಲೂ ಆಗಬೇಕಲ್ಲ? ಫ್ರಿಜ್ ಬಳಸಿದವರು ಜಾಸ್ತಿ ಇದ್ದದ್ದೂ ಆ ಕಡೆಯೇ.

ಮೋಡ_ನೋಡುವವ

ಸಿಎಫ್‌ಸಿ ಎಲ್ಲಿ ಬಿಟ್ಟರೂ ಕೆಲವೇ ವರ್ಷದಲ್ಲಿ ಜಗತ್ತಿಗೆಲ್ಲ ಸಮನಾಗಿ ಹರಡುತ್ತದೆ, ಹಾಗಾಗಿ ಅದು ಲೆಕ್ಕಕ್ಕಿಲ್ಲ. ಉತ್ತರದಲ್ಲಿ ಬೆಟ್ಟ, ಸಮುದ್ರ, ನೆಲ ಎಲ್ಲ ಕಲಸಿಕೊಂಡಿರುವುದರಿಂದ ಸುಳಿ ಆಗಾಗ ಮುರಿಯುತ್ತದೆ, ಬೆಚ್ಚಗಿನ ಗಾಳಿ ನುಗ್ಗುತ್ತದೆ. ಬಿಸಿಲು ಬರುವ ಹೊತ್ತಿಗೆ ಚಳಿ ಹೋಗಿರುತ್ತದೆ. ಆದರೆ 2011 ಮತ್ತು 2020ರ ವಸಂತದಲ್ಲಿ ಸುಳಿ ಗಟ್ಟಿಯಾಗಿ ಉಳಿಯಿತು, ಆಗ ಅಲ್ಲೂ ಭಾರೀ ನಷ್ಟ ಆಯಿತು. ಮುಂದೆ ಅಂಥ ಚಳಿಗಾಲ ಜಾಸ್ತಿ ಆಗುತ್ತವಾ ಎಂಬುದರ ಬಗ್ಗೆ ತಜ್ಞರಲ್ಲೇ ಒಮ್ಮತ ಇಲ್ಲ.

ಟೀಚರಮ್ಮ_ದಾವಣಗೆರೆ

ಮಗಳು ಕತ್ತರಿಯ ಚಿತ್ರದಿಂದಲೇ ಶುರು ಮಾಡುತ್ತಾಳಂತೆ, ಆಮೇಲೆ 1500ರ ಲೆಕ್ಕ. ಹುಬ್ಬಳ್ಳಿ ಅಣ್ಣಾ, ಆ ಹಸಿರು ಉರಿಯ ಒಂದು ಫೋಟೋ ಸಿಗಬಹುದಾ? R-12 ಈಗ ಸಿಗುವುದಿಲ್ಲ ಎಂದು ಗೊತ್ತು.

ಫ್ರಿಜ್_ರಿಪೇರಿ_ಹುಬ್ಬಳ್ಳಿ

ಟಾರ್ಚ್ ಅಂಗಡಿಯ ಅಟ್ಟದ ಮೇಲೆ ಇನ್ನೂ ಇದೆ ಅಕ್ಕಾ. R-12 ಬೇಕಾಗಿಲ್ಲ, ಹಳೆಯ ಏಸಿಗಳ R-22ರಲ್ಲೂ ಕ್ಲೋರಿನ್ ಇದೆ, ಅದಕ್ಕೂ ಉರಿ ಹಸಿರಾಗುತ್ತದೆ.

ರಸಾಯನ_ಮೇಷ್ಟ್ರು

ದಯವಿಟ್ಟು ಮುಚ್ಚಿದ ಕೋಣೆಯಲ್ಲಿ ಮಾಡಬೇಡಿ. ಆ ಉರಿಯಲ್ಲಿ ಫಾಸ್ಜೀನ್ ಹುಟ್ಟುತ್ತದೆ, ಸ್ವಲ್ಪವಾದರೂ ಅದು ವಿಷವೇ. ಫೋಟೋಗೆಂದು ಗ್ಯಾಸ್ ಬಿಡುವುದೂ ಬೇಡ.

ಫ್ರಿಜ್_ರಿಪೇರಿ_ಹುಬ್ಬಳ್ಳಿ

ಗೊತ್ತು ಮೇಷ್ಟ್ರೇ, ಆ ವಾಸನೆಗೆ ಗಂಟಲು ಕೆರೆದು ಎಷ್ಟು ಸಲ ಹೊರಗೆ ಓಡಿದ್ದೇನೆ. ಸುಮ್ನೆ ಗ್ಯಾಸ್ ಬಿಡುವುದಿಲ್ಲ. ಶನಿವಾರ ಒಂದು ಹಳೆಯ ಏಸಿ ಲೀಕ್ ನೋಡುವುದಿದೆ, ಟೆರೇಸ್ ಮೇಲೆ, ಬಯಲಲ್ಲಿ. ಅಲ್ಲಿ ಸೋರುವ ಜಾಯಿಂಟ್ ಸಿಕ್ಕರೆ ಅದೇ ಉರಿಯ ಫೋಟೋ ತೆಗೆದು ಇಲ್ಲಿ ಹಾಕುತ್ತೇನೆ.